ಉಪ್ಪೋ, ಜೇಡಿಯೋ, ಗ್ರಾನೈಟೋ? ಅಣುತ್ಯಾಜ್ಯಕ್ಕೆ ನೆಲ ಆರಿಸುವ ಲೆಕ್ಕ

ಜರ್ಮನಿಯ ಆಸ್ಸೆ ಎಂಬಲ್ಲಿ 1967ರಿಂದ 1978ರವರೆಗೆ ಹಳೆಯ ಉಪ್ಪಿನ ಗಣಿಯೊಂದಕ್ಕೆ ಸುಮಾರು 1,26,000 ಪೀಪಾಯಿ ವಿಕಿರಣಶೀಲ ತ್ಯಾಜ್ಯವನ್ನು ಇಳಿಸಲಾಯಿತು. ಅವುಗಳಲ್ಲಿ ಎಷ್ಟೋ ಪೀಪಾಯಿಗಳನ್ನು ಸಾಲಾಗಿ ಜೋಡಿಸುವ ಗೋಜಿಗೂ ಹೋಗದೆ ಯಂತ್ರದಿಂದ ಸುರಿದು ಮೇಲೆ ಉಪ್ಪು ಮುಚ್ಚಿದರು. ಈಗ ಅಷ್ಟನ್ನೂ ಹೊರತೆಗೆಯಬೇಕೆಂದು ಅಲ್ಲಿ ಕಾನೂನೇ ಇದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಇನ್ನೊಂದು ಉಪ್ಪಿನ ಪದರದೊಳಗೆ 1999ರಿಂದ ಅದಕ್ಕಿಂತ ದೀರ್ಘಾಯುವಾದ ತ್ಯಾಜ್ಯ ಇಳಿಯುತ್ತಿದೆ. ಅದನ್ನು ಹೊರತೆಗೆಯುವ ಮಾತು ಯಾರೂ ಆಡುತ್ತಿಲ್ಲ. ಎರಡೂ ಉಪ್ಪೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಸಿಗಬೇಕಾದರೆ ಮೊದಲು ಹೂಳುವ ವಸ್ತು ಯಾವುದೆಂದು ನೋಡಬೇಕು, ಆಮೇಲೆ ನೆಲ.

ಹೆಸರನ್ನು ನಂಬಿ ಮೋಸಹೋಗಬಾರದು

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ವರ್ಗೀಕರಣದಲ್ಲಿ ಅತಿ ಅಲ್ಪಾಯು, ಅತಿ ಕೆಳಮಟ್ಟ, ಕೆಳಮಟ್ಟ, ಮಧ್ಯಮ ಮಟ್ಟ, ಉನ್ನತ ಮಟ್ಟ ಎಂಬ ಮೆಟ್ಟಿಲುಗಳಿವೆ. ಕೇಳಿದರೆ ಅಪಾಯದ ಏಣಿಯಂತೆ ಕಾಣುತ್ತದೆ. ನಿಜದಲ್ಲಿ ಈ ಏಣಿಯೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ: ಇದು ಎಷ್ಟು ಕಾಲ ಬದುಕುತ್ತದೆ, ಮತ್ತು ಇದು ಎಷ್ಟು ಬಿಸಿ ಹೊರಹಾಕುತ್ತದೆ?

ಆಸ್ಪತ್ರೆಯಲ್ಲಿ ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಅಯೋಡಿನ್-131ರ ಅರ್ಧಾಯು 8 ದಿನ. ಅಂದರೆ ಪ್ರತಿ 8 ದಿನಕ್ಕೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಹತ್ತು ಅರ್ಧಾಯು ಕಳೆದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು. ಇಂಥದ್ದನ್ನು ಹೂಳಬೇಕಾಗಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಮೂರು ತಿಂಗಳು ಇಟ್ಟು, ಉಪಕರಣದಿಂದ ಅಳೆದು, ಸಾಮಾನ್ಯ ತ್ಯಾಜ್ಯದೊಂದಿಗೆ ಕಳಿಸಬಹುದು. ಕಾಯುವುದೇ ಅದಕ್ಕೆ ವಿಲೇವಾರಿ.

ಸ್ಥಾವರದ ಕೈಗವಸು, ಒರೆಸುಬಟ್ಟೆ, ಉಪಕರಣಗಳಲ್ಲಿ ಅಂಟಿಕೊಳ್ಳುವ ಸೀಸಿಯಂ-137ಕ್ಕೂ ಇದೇ ಲೆಕ್ಕ ನಡೆಯುತ್ತದೆ, ದಿನದ ಬದಲು ವರ್ಷದಲ್ಲಿ. ಅದರ ಅರ್ಧಾಯು ಸುಮಾರು 30 ವರ್ಷ, ಹತ್ತು ಅರ್ಧಾಯು ಎಂದರೆ 300 ವರ್ಷ. ಕೆಳಮಟ್ಟದ ತ್ಯಾಜ್ಯವನ್ನು ನೆಲದ ಮೇಲ್ಪದರದಲ್ಲೇ ಕಾಂಕ್ರೀಟ್ ಕೋಣೆಗಳಲ್ಲಿಟ್ಟು ಸುಮಾರು 300 ವರ್ಷ ಕಾವಲು ಕಾಯಬೇಕೆಂಬ ನಿಯಮ ಹುಟ್ಟಿದ್ದು ಇಲ್ಲಿಂದಲೇ. ಮುನ್ನೂರು ವರ್ಷ ಮನುಷ್ಯರ ಸಂಸ್ಥೆಗಳು ಹೇಗೋ ನೆನಪಿಟ್ಟುಕೊಳ್ಳಬಹುದಾದ ಕಾಲ. ಫ್ರಾನ್ಸಿನ ಓಬ್ ಪ್ರಾಂತ್ಯದ ಕೇಂದ್ರ ಹೀಗೆಯೇ ನಡೆಯುತ್ತಿದೆ. ಆದರೆ ಅಂಥ ಕೋಣೆಗೆ ಒಂದು ಕಟ್ಟುಪಾಡಿದೆ: ದೀರ್ಘಾಯು ವಸ್ತುಗಳು ಅಲ್ಲಿ ತೀರಾ ಕಡಿಮೆ ಇರಬೇಕು. ಪ್ಲುಟೋನಿಯಂ-239ರ ಅರ್ಧಾಯು ಸುಮಾರು 24,000 ವರ್ಷ. ಮುನ್ನೂರು ವರ್ಷ ಕಳೆದರೂ ಅದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹೀಗಾಗಿ ಮುಟ್ಟಿದರೆ ತಣ್ಣಗಿರುವ, ಹತ್ತಿರ ನಿಂತರೂ ಅಷ್ಟೇನೂ ವಿಕಿರಣ ಬೀರದ ಪೀಪಾಯಿಯೂ ಪ್ಲುಟೋನಿಯಂ ಅಂಟಿದ್ದರೆ ಆಳಕ್ಕೆ ಹೋಗಲೇಬೇಕು.

ಪರಿಮಾಣದಲ್ಲಿ ಲೋಕದ ತ್ಯಾಜ್ಯದ ಬಹುಪಾಲು ಈ ಕೆಳಮಟ್ಟದ್ದೇ. ವಿಕಿರಣದ ಬಹುಪಾಲು ಮಾತ್ರ ಅತಿ ಸಣ್ಣ ಪರಿಮಾಣದ ಉನ್ನತ ಮಟ್ಟದ್ದರಲ್ಲಿದೆ: ರಿಯಾಕ್ಟರಿನಿಂದ ಹೊರತೆಗೆದ ಬಳಸಿದ ಇಂಧನ, ಅಥವಾ ಅದನ್ನು ಸಂಸ್ಕರಿಸಿದ ಮೇಲೆ ಉಳಿಯುವ ದ್ರವವನ್ನು ಬೊರೊಸಿಲಿಕೇಟ್ ಗಾಜಿನಲ್ಲಿ ಬೆರೆಸಿ ಉಕ್ಕಿನ ಡಬ್ಬಿಗೆ ಎರೆದ ಅಚ್ಚು. ಇವು ದೀರ್ಘಾಯುವೂ ಹೌದು, ಬಿಸಿಯೂ ಹೌದು. ಇನ್ನು ಮುಂದಿನ ಹೋಲಿಕೆಯೆಲ್ಲ ಮುಖ್ಯವಾಗಿ ಇವುಗಳದ್ದು.

ಕೊಳವೋ, ಒಣ ಪೀಪಾಯಿಯೋ

ರಿಯಾಕ್ಟರನ್ನು ನಿಲ್ಲಿಸಿದ ಕ್ಷಣದಲ್ಲೂ ಇಂಧನವು ತನ್ನ ಪೂರ್ಣ ಶಾಖದ ಶೇಕಡಾ 6ರಿಂದ 7ರಷ್ಟನ್ನು ಹೊರಹಾಕುತ್ತಲೇ ಇರುತ್ತದೆ. ಒಂದು ದಿನದಲ್ಲಿ ಅದು ಶೇಕಡಾ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಆಮೇಲೆ ಇಳಿತ ನಿಧಾನವಾಗುತ್ತದೆ. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಇದಕ್ಕಿಂತ ಹೊಂದುವ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲ ಕೆಲವು ವರ್ಷ ಕೊಳಕ್ಕೆ ಪರ್ಯಾಯವಿಲ್ಲ. ಇಂಧನದ ಕಂತೆಗಳ ಮೇಲೆ ಏಳು ಮೀಟರಿನಷ್ಟು ನೀರು ನಿಂತಿರುತ್ತದೆ. ಆ ನೀರು ಶಾಖವನ್ನೂ ಹೊರುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಕೊಳದ ದಂಡೆಯಲ್ಲಿ ಜನ ನಿಂತು ಕೆಲಸ ಮಾಡುವುದು ಅದರಿಂದಲೇ. ಕೊಳದ ದೌರ್ಬಲ್ಯವೂ ಅಲ್ಲೇ ಇದೆ: ಅದಕ್ಕೆ ಪಂಪು ಬೇಕು, ವಿದ್ಯುತ್ ಬೇಕು, ನೋಡಿಕೊಳ್ಳುವ ಜನ ಬೇಕು. ನೀರು ಆರಿಹೋದರೆ ಇತ್ತೀಚೆಗಷ್ಟೇ ಹೊರತೆಗೆದ ಇಂಧನದ ಜಿರ್ಕೋನಿಯಂ ಕವಚ ಕಾದು ಉರಿಯುವ ಸಾಧ್ಯತೆಯಿದೆ.

ಸಾಮಾನ್ಯವಾಗಿ ಐದು ವರ್ಷಗಳ ನಂತರ ಒಣ ಸಂಗ್ರಹಕ್ಕೆ ದಾಟಿಸಬಹುದು. ಇಂಧನದ ಕಂತೆಗಳನ್ನು ಉಕ್ಕಿನ ಡಬ್ಬಿಯಲ್ಲಿಟ್ಟು, ನೀರನ್ನು ಪೂರ್ತಿ ಹೊರತೆಗೆದು, ಹೀಲಿಯಂ ತುಂಬಿ ಮುಚ್ಚುತ್ತಾರೆ. ಹೀಲಿಯಂ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಲೋಹವನ್ನು ಕೆಡಿಸುವುದಿಲ್ಲ. ಡಬ್ಬಿಯ ಸುತ್ತ ದಪ್ಪ ಕಾಂಕ್ರೀಟ್ ಕವಚ, ನಡುವೆ ಗಾಳಿಗೆ ದಾರಿ. ಕೆಳಗಿನ ಕಿಂಡಿಯಿಂದ ತಂಪು ಗಾಳಿ ಒಳಬಂದು, ಕಾದು, ಮೇಲಿನ ಕಿಂಡಿಯಿಂದ ತಾನಾಗಿ ಹೊರಹೋಗುತ್ತದೆ. ಪಂಪು ಎಂಬುದೇ ಇಲ್ಲ. 2011ರಲ್ಲಿ ಫುಕುಶಿಮಾ ದಾಯ್‌ಇಚಿ ಸ್ಥಾವರದಲ್ಲಿ ಲೋಕವೆಲ್ಲ ನಾಲ್ಕನೇ ಘಟಕದ ಕೊಳದ ಬಗ್ಗೆ ಉಸಿರು ಬಿಗಿಹಿಡಿದಿದ್ದಾಗ, ಅದೇ ಆವರಣದಲ್ಲಿ ಸುನಾಮಿಯ ನೀರು ನುಗ್ಗಿದ ಕಟ್ಟಡದೊಳಗಿದ್ದ ಒಣ ಪೀಪಾಯಿಗಳು ಹಾನಿಯಾಗದೆ ಉಳಿದವು. ಇಂಧನ ತಣಿದಿದ್ದರೆ ಕೊಳಕ್ಕಿಂತ ಒಣ ಪೀಪಾಯಿಯೇ ಮೇಲು ಎನ್ನಲು ನನಗೆ ಇದಕ್ಕಿಂತ ಹೆಚ್ಚಿನ ವಾದ ಬೇಕಾಗಿಲ್ಲ.

ಆದರೂ ಅದು ತಂಗುದಾಣವೇ ಹೊರತು ಮನೆಯಲ್ಲ. ಕಡಲ ತಡಿಯ ಉಪ್ಪುಗಾಳಿಯಲ್ಲಿ ತುಕ್ಕುಹಿಡಿಯದ ಉಕ್ಕಿನ ಬೆಸುಗೆಗಳ ಬಳಿಯೂ ದಶಕಗಳ ಮೇಲೆ ಸೂಕ್ಷ್ಮ ಬಿರುಕು ಹುಟ್ಟಬಹುದು. ಬೋಲ್ಟ್ ಹಾಕಿ ಮುಚ್ಚುವ ಎರಡು ಮುಚ್ಚಳದ ಪೀಪಾಯಿಯಾದರೆ ಮುಚ್ಚಳಗಳ ನಡುವಿನ ಅನಿಲದ ಒತ್ತಡ ಇಳಿದಾಗ ಸೋರಿಕೆ ಗೊತ್ತಾಗುತ್ತದೆ. ಬೆಸುಗೆ ಹಾಕಿದ ಡಬ್ಬಿಯಲ್ಲಿ ಅಂಥ ಮಾಪಕವಿರುವುದಿಲ್ಲ. ಗಾಳಿ ಹೋಗುವ ಸಂದಿಯಲ್ಲಿ ಕ್ಯಾಮೆರಾ ಇಳಿಸಿ ಹೊರಮೈಯನ್ನು ನೋಡಬೇಕು. ಇಬ್ಬರು ಮಾರಾಟಗಾರರ ಪೀಪಾಯಿಗಳನ್ನು ಹೋಲಿಸುವವರು ಗೋಡೆಯ ದಪ್ಪದ ಜೊತೆಗೆ ಇದನ್ನೂ ಕೇಳಬೇಕು: ಕೆಟ್ಟರೆ ನಮಗೆ ತಿಳಿಯುವುದು ಹೇಗೆ?

ಗ್ರಾನೈಟ್: ನೆಲಕ್ಕಿಂತ ಡಬ್ಬಿಯ ಮೇಲೆ ಭಾರ

ಸಮುದ್ರಕ್ಕೆ ಎಸೆಯುವುದನ್ನು ಅಂತರರಾಷ್ಟ್ರೀಯ ಒಪ್ಪಂದ ತಡೆದಿದೆ. ಬಾಹ್ಯಾಕಾಶಕ್ಕೆ ಕಳಿಸುವ ಆಲೋಚನೆ, ರಾಕೆಟ್ಟುಗಳು ಆಗೀಗ ಸಿಡಿಯುತ್ತವೆ ಎಂಬ ಒಂದೇ ಮಾತಿಗೆ ಬಿದ್ದುಹೋಗುತ್ತದೆ. ಉಳಿದದ್ದು ಆಳದ ನೆಲ. ಅಲ್ಲಿ ಹಗೆಯೆಂದರೆ ನೀರು, ಏಕೆಂದರೆ ನೂರಾರು ಮೀಟರ್ ಆಳದಿಂದ ಏನಾದರೂ ಮೇಲೆ ಬರುವುದಾದರೆ ನೀರನ್ನು ಏರಿಯೇ ಬರಬೇಕು.

ಗ್ರಾನೈಟ್ ಮತ್ತು ಅದರ ಬಳಗದ ಕಲ್ಲು ಗಟ್ಟಿ. ಸುರಂಗ ತಾನೇ ನಿಲ್ಲುತ್ತದೆ. ಆದರೆ ಎಲ್ಲ ಗಟ್ಟಿ ಕಲ್ಲಿನಂತೆ ಅದರಲ್ಲಿ ಬಿರುಕುಗಳಿವೆ, ಬಿರುಕಿನಲ್ಲಿ ನೀರು ಹರಿಯುತ್ತದೆ. ಹಾಗಾಗಿ ಸ್ವೀಡನ್ ಮತ್ತು ಫಿನ್ಲೆಂಡ್ ನೆಲವನ್ನು ಪೂರ್ತಿ ನಂಬದೆ, ಕೆಬಿಎಸ್-3 ಎಂಬ ವಿಧಾನದಲ್ಲಿ ಡಬ್ಬಿಯನ್ನೇ ಕೋಟೆಯಾಗಿ ಕಟ್ಟಿವೆ. ಫಿನ್ಲೆಂಡಿನ ಓಲ್ಕಿಲುಓಟೋ ದ್ವೀಪದ ಓಂಕಾಲೋ ನೆಲೆ ಸುಮಾರು 430 ಮೀಟರ್ ಆಳದಲ್ಲಿದೆ. ಸ್ವೀಡನ್ ಫೋರ್ಸ್‌ಮಾರ್ಕ್‌ನಲ್ಲಿ ಸುಮಾರು 500 ಮೀಟರ್ ಆಳಕ್ಕೆ 2025ರಲ್ಲಿ ಕೆಲಸ ಆರಂಭಿಸಿತು. ಎರಡರಲ್ಲೂ ಒಳಗೆ ಎರಕದ ಕಬ್ಬಿಣದ ತಿರುಳು, ಹೊರಗೆ 5 ಸೆಂಟಿಮೀಟರ್ ದಪ್ಪದ ತಾಮ್ರ. ಆಮ್ಲಜನಕವಿಲ್ಲದ ನೀರಿನಲ್ಲಿ ತಾಮ್ರ ಬಹುತೇಕ ಸವೆಯುವುದಿಲ್ಲ ಎಂಬುದು ಈ ಆಯ್ಕೆಗೆ ಕಾರಣ. ಡಬ್ಬಿಯ ಸುತ್ತ ಬೆಂಟೊನೈಟ್ ಎಂಬ ಜೇಡಿ. ನೀರು ತಾಗಿದರೆ ಅದು ಉಬ್ಬಿ ಸಂದಿಗಳನ್ನೆಲ್ಲ ಮುಚ್ಚುತ್ತದೆ. ಒತ್ತಾಗಿ ತುಂಬಿದ ಬೆಂಟೊನೈಟಿನಲ್ಲಿ ಸೂಕ್ಷ್ಮಜೀವಿಗಳು ಬಾಳುವುದೂ ಕಷ್ಟ. ಇದು ಸಣ್ಣ ಲಾಭವಲ್ಲ, ಏಕೆಂದರೆ ತಾಮ್ರವನ್ನು ತಿನ್ನುವ ಸಲ್ಫೈಡ್ ಹುಟ್ಟುವುದು ಬಹುಮಟ್ಟಿಗೆ ಅವುಗಳಿಂದಲೇ.

ಇಲ್ಲೊಂದು ಲೆಕ್ಕ ಹಾಕಿ ನೋಡೋಣ. ಬೆಂಟೊನೈಟ್ ಹೆಚ್ಚು ಕಾದರೆ ಅದರ ಉಬ್ಬುವ ಗುಣ ಕೆಡುತ್ತದೆ, ಆದ್ದರಿಂದ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಈ ಮಿತಿಗೆ ತಕ್ಕಂತೆ ಒಂದು ಡಬ್ಬಿಗೆ ಸುಮಾರು 1,700 ವಾಟ್ ಶಾಖದ ಮಿತಿ ಇಟ್ಟಿದ್ದಾರೆ. ಒಂದು ಡಬ್ಬಿಯಲ್ಲಿ ಕುದಿನೀರಿನ ರಿಯಾಕ್ಟರಿನ 12 ಕಂತೆಗಳು, ಅಂದರೆ ಸುಮಾರು 2 ಟನ್ ಯುರೇನಿಯಂ. ಭಾಗಿಸಿದರೆ ಟನ್ನಿಗೆ 850 ವಾಟಿನ ಆಸುಪಾಸು. ಹೊರತೆಗೆದು ಹತ್ತೇ ವರ್ಷವಾದ ಇಂಧನ ಇದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಅದನ್ನೇ ಇಳಿಸಬೇಕೆಂದರೆ ಡಬ್ಬಿಯಲ್ಲಿ ಅರ್ಧ ಜಾಗ ಖಾಲಿ ಬಿಡಬೇಕು, ಅಂದರೆ ಡಬ್ಬಿಗಳೂ ಹೆಚ್ಚು, ಕೊರೆಯುವ ಸುರಂಗವೂ ಹೆಚ್ಚು. ಮೂರು ನಾಲ್ಕು ದಶಕ ಕಾದರೆ ಡಬ್ಬಿ ತುಂಬಿಸಿಯೂ ಮಿತಿಯೊಳಗೆ ಉಳಿಯಬಹುದು. ಮಧ್ಯಂತರ ಸಂಗ್ರಹವನ್ನು ಜನ ಸರ್ಕಾರಗಳ ಕಾಲಹರಣ ಎಂದು ಬೈಯುತ್ತಾರೆ. ಕೆಲವು ಕಡೆ ಅದು ಕಾಲಹರಣವೇ. ಆದರೆ ಈ ಲೆಕ್ಕದಲ್ಲಿ ಕಾಯುವ ಪ್ರತಿ ದಶಕವೂ ನೆಲದಡಿಯ ಜಾಗವನ್ನು ಉಳಿಸುತ್ತದೆ.

ಗ್ರಾನೈಟಿನ ಅಪಾಯವೂ ಡಬ್ಬಿಯ ಸುತ್ತಲೇ ಇದೆ. ಮುಂದಿನ ಹಿಮಯುಗದ ಮಂಜುಗಡ್ಡೆ ಕರಗಿದ ಸಿಹಿನೀರು ಆಳಕ್ಕಿಳಿದು ಬೆಂಟೊನೈಟನ್ನು ಕೊಚ್ಚಬಹುದೇ, ಮಂಜಿನ ಭಾರ ಇಳಿದ ಮೇಲಿನ ಭೂಕಂಪದಲ್ಲಿ ಬಿರುಕೊಂದು ಜಾರಿ ಡಬ್ಬಿಯನ್ನು ಕತ್ತರಿಸಬಹುದೇ ಎಂಬ ಪ್ರಶ್ನೆಗಳು ವಿನ್ಯಾಸದಲ್ಲೇ ಸೇರಿವೆ. 5 ಸೆಂಟಿಮೀಟರ್ ಜಾರಿದರೂ ಡಬ್ಬಿ ತಡೆಯಬೇಕೆಂಬುದು ಅಲ್ಲಿನ ಷರತ್ತು. ತಾಮ್ರದ ಸವೆತದ ಬಗ್ಗೆ ಇನ್ನಷ್ಟು ಪುರಾವೆ ಬೇಕೆಂದು ಸ್ವೀಡನ್ನಿನ ಪರಿಸರ ನ್ಯಾಯಾಲಯ 2018ರಲ್ಲಿ ಹೇಳಿತು. ಸರ್ಕಾರ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ಒಂದೇ ಲೋಹದ ಮೇಲೆ ಇಷ್ಟು ಭಾರ ಹೊರಿಸಿದಾಗ ಆ ಲೋಹದ ಬಗ್ಗೆ ಇಷ್ಟು ಜಗಳವಾಗುವುದೇ ಸರಿ.

ಜೇಡಿ: ನೀರಿದೆ, ಹರಿಯುವುದಿಲ್ಲ

ಫ್ರಾನ್ಸಿನ ಬ್ಯೂರ್ ಊರಿನ ಬಳಿ ಸುಮಾರು 500 ಮೀಟರ್ ಆಳದಲ್ಲಿ 16 ಕೋಟಿ ವರ್ಷ ಹಳೆಯ ಗಟ್ಟಿಜೇಡಿಯ ಪದರವಿದೆ. ಸ್ವಿಟ್ಜರ್‌ಲೆಂಡ್ ಕೂಡ 2022ರಲ್ಲಿ ಓಪಲೈನಸ್ ಜೇಡಿಯಿರುವ ಪ್ರದೇಶವನ್ನೇ ಆರಿಸಿತು. ಜೇಡಿಯಲ್ಲಿ ನೀರು ಧಾರಾಳವಾಗಿದೆ, ಆದರೆ ರಂಧ್ರಗಳು ಎಷ್ಟು ಸಣ್ಣವೆಂದರೆ ಅದು ಹರಿಯುವುದಿಲ್ಲ. ವಸ್ತುಗಳು ಅಣು ಅಣುವಾಗಿ ತೆವಳಬೇಕು. ಪದರದ ನಡುವಿನಿಂದ ಅಂಚಿನವರೆಗೆ ರಂಧ್ರಗಳ ನೀರಿನ ಕ್ಲೋರಿನ್ ಮತ್ತು ಹೀಲಿಯಂ ಅಳೆದರೆ, ಹರಿವಿಲ್ಲದೆ ಬರೀ ತೆವಳಿಕೆಯಿಂದ ಮೂಡುವ ಬಾಗಿದ ರೇಖೆಯೇ ಸಿಗುತ್ತದೆ. ಲಕ್ಷಾಂತರ ವರ್ಷ ನಡೆದ ಪ್ರಯೋಗವನ್ನು ನೆಲವೇ ಮಾಡಿಟ್ಟಿದೆ. ನನಗೆ ಪ್ರಯೋಗಾಲಯದ ಯಾವ ಮಾದರಿಗಿಂತಲೂ ಇದರ ಮೇಲೆ ನಂಬಿಕೆ ಹೆಚ್ಚು.

ಇಲ್ಲಿ ಓದುಗರಿಗೆ ಅಚ್ಚರಿಯಾಗುವ ಸಂಗತಿಯೊಂದಿದೆ. ಎಲ್ಲರೂ ಹೆದರುವ ಪ್ಲುಟೋನಿಯಂ ಜೇಡಿಗೆ ಅಂಟಿಕೊಂಡು ಇದ್ದಲ್ಲೇ ಉಳಿಯುತ್ತದೆ. ಕೊನೆಗೆ ಮೇಲ್ಮೈ ತಲುಪುವ ಲೆಕ್ಕದಲ್ಲಿ ಮುಂದೆ ಬರುವುದು ಅಯೋಡಿನ್-129 ಮತ್ತು ಕ್ಲೋರಿನ್-36. ಇವು ಋಣಾವೇಶದ ಅಯಾನುಗಳಾಗಿ ಕರಗುತ್ತವೆ, ಜೇಡಿಯ ಕಣಗಳ ಮೈಯೂ ಋಣಾವೇಶದ್ದೇ. ಹಾಗಾಗಿ ಅಂಟುವುದಿಲ್ಲ. ಅಯೋಡಿನ್-129ರ ಅರ್ಧಾಯು 1.57 ಕೋಟಿ ವರ್ಷ, ಆದ್ದರಿಂದ ತೆವಳಲು ಅದಕ್ಕೆ ಬೇಕಾದಷ್ಟು ಸಮಯವಿದೆ. ಅಷ್ಟು ದೀರ್ಘಾಯುವೆಂದರೆ ಕ್ಷಣಕ್ಷಣಕ್ಕೂ ಬೀರುವ ವಿಕಿರಣ ತೀರಾ ದುರ್ಬಲ ಎಂಬುದೂ ಅಷ್ಟೇ ನಿಜ.

ಜೇಡಿಯ ಕಷ್ಟ ಕಟ್ಟುವವರ ಕಷ್ಟ. ಸುರಂಗ ತಾನಾಗಿ ನಿಲ್ಲುವುದಿಲ್ಲ, ಉಕ್ಕು ಮತ್ತು ಕಾಂಕ್ರೀಟಿನ ಆಸರೆ ಬೇಕು. 2016ರ ಜನವರಿಯಲ್ಲಿ ಬ್ಯೂರ್ ಪ್ರಯೋಗಾಲಯದ ಸುರಂಗದಲ್ಲಿ ಕಲ್ಲು ಕುಸಿದು ಒಬ್ಬ ಕೆಲಸಗಾರರು ಸತ್ತರು. ಆಸರೆಯ ಉಕ್ಕು ಆಳದಲ್ಲಿ ಸವೆಯುವಾಗ ಹೈಡ್ರೋಜನ್ ಬಿಡುತ್ತದೆ. ನೀರನ್ನೇ ಬಿಡದ ನೆಲ ಅನಿಲವನ್ನೂ ಸುಲಭವಾಗಿ ಬಿಡದು, ಒತ್ತಡ ಏರುತ್ತದೆ. ಜೇಡಿ ಶಾಖವನ್ನು ಸಾಗಿಸುವುದರಲ್ಲೂ ಮಂದ. ಬಿಸಿ ಗಾಜಿನ ಡಬ್ಬಿಗಳು ಹಲವು ದಶಕ ಹೊರಗೆ ತಣಿಯಬೇಕು.

ಉಪ್ಪು: ಎರಡು ಗಣಿಗಳ ಕಥೆ

ಉಪ್ಪಿನ ಪದರ ಉಳಿದಿದೆ ಎಂಬುದೇ ಅಲ್ಲಿ ಹರಿಯುವ ನೀರಿಲ್ಲ ಎಂಬುದಕ್ಕೆ ಸಾಕ್ಷಿ. ಇದ್ದಿದ್ದರೆ ಉಪ್ಪು ಎಂದೋ ಕರಗಿ ಹೋಗಿರುತ್ತಿತ್ತು. ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಬಳಿಯ ವಿಪ್ ನೆಲೆ 655 ಮೀಟರ್ ಆಳದಲ್ಲಿ, 25 ಕೋಟಿ ವರ್ಷ ಹಳೆಯ ಉಪ್ಪಿನಲ್ಲಿದೆ. ಉಪ್ಪು ಶಾಖವನ್ನು ಗ್ರಾನೈಟಿಗಿಂತಲೂ ಚೆನ್ನಾಗಿ ಸಾಗಿಸುತ್ತದೆ. ಅದಕ್ಕಿಂತ ದೊಡ್ಡ ಗುಣವೆಂದರೆ ಮೇಲಿನ ಭಾರಕ್ಕೆ ಅದು ನಿಧಾನವಾಗಿ ಹರಿಯುತ್ತದೆ. ಕೊರೆದ ಕೋಣೆ ವರ್ಷ ವರ್ಷಕ್ಕೂ ಕುಗ್ಗುತ್ತಾ ಬಂದು, ಕಡೆಗೆ ಪೀಪಾಯಿಗಳನ್ನು ಸುತ್ತಲಿಂದ ಹಿಡಿದು ಮುಚ್ಚಿಕೊಳ್ಳುತ್ತದೆ. ವಿಪ್‌ಗೆ ಬರುವುದು ಅಣ್ವಸ್ತ್ರ ಕಾರ್ಯಕ್ರಮದ ಪ್ಲುಟೋನಿಯಂ, ಅಮೆರಿಸಿಯಂ ಅಂಟಿದ ತ್ಯಾಜ್ಯ. ದೀರ್ಘಾಯು, ಆದರೆ ತಣ್ಣಗಿನದು.

ಆಸ್ಸೆಯಲ್ಲಿ ಇದೇ ಉಪ್ಪು ಏಕೆ ಕೈಕೊಟ್ಟಿತು? ಅದು ತ್ಯಾಜ್ಯಕ್ಕಾಗಿ ಆರಿಸಿದ ಜಾಗವಲ್ಲ, ದಶಕಗಳ ಕಾಲ ಪೊಟ್ಯಾಷ್ ಮತ್ತು ಉಪ್ಪು ಅಗೆದು ಬಿಟ್ಟುಹೋದ ಗಣಿ. ಉಪ್ಪಿನ ದಕ್ಷಿಣದ ಬದಿಯಲ್ಲಿ ಹೊರಗಿನ ಕಲ್ಲಿಗೆ ತೀರಾ ಹತ್ತಿರದವರೆಗೆ ಕೋಣೆಗಳನ್ನು ಕೊರೆದಿದ್ದರು. ಖಾಲಿ ಕೋಣೆಗಳು ದಶಕಗಳ ಕಾಲ ಹಾಗೆಯೇ ಉಳಿದವು. ಉಪ್ಪು ಅವುಗಳೊಳಗೆ ತೆವಳಿತು, ಅದಕ್ಕೆ ಒರಗಿದ್ದ ಹೊರಗಿನ ಕಲ್ಲೂ ಜೊತೆಗೆ ಜಾರಿ ಬಿರುಕುಬಿಟ್ಟಿತು. 1988ರಿಂದ ನೀರು ಒಳಬರತೊಡಗಿತು, ದಿನಕ್ಕೆ ಸುಮಾರು 12 ಘನ ಮೀಟರ್. ಇಲ್ಲಿ ಕೆಟ್ಟದ್ದು ಉಪ್ಪಿನ ಗುಣವಲ್ಲ, ಉಪ್ಪಿನ ಗೋಡೆಯ ದಪ್ಪ. ಎಲ್ಲ ಹಳೆಯ ಗಣಿಗಳ ತೊಂದರೆಯೂ ಇದೇ: ಅದಿರು ಇದ್ದಲ್ಲಿಗೆ ಸುರಂಗ ಹೋಗಿರುತ್ತದೆ, ಭದ್ರತೆ ಇದ್ದಲ್ಲಿಗಲ್ಲ.

ವಿಪ್‌ನಲ್ಲಿ ನೆಲ ಚೆನ್ನಾಗಿತ್ತು, ಆದರೂ 2014ರ ಫೆಬ್ರುವರಿ 14ರ ರಾತ್ರಿ ಅಲ್ಲಿ ಒಂದು ಪೀಪಾಯಿ ಒಡೆಯಿತು. ಅದು ಲಾಸ್ ಅಲಾಮೋಸ್ ಅಣ್ವಸ್ತ್ರ ಪ್ರಯೋಗಾಲಯದಲ್ಲಿ ತುಂಬಿಸಿದ್ದು. ಒಳಗಿದ್ದದ್ದು ನೈಟ್ರೇಟ್ ಲವಣಗಳ ತ್ಯಾಜ್ಯ. ತೇವ ಹೀರಲು ಅದಕ್ಕೆ ಬೆಕ್ಕಿನ ಮಲದ ತಟ್ಟೆಯಲ್ಲಿ ಹಾಕುವ ಪುಡಿಯನ್ನು ಬೆರೆಸುತ್ತಿದ್ದರು. ಜೇಡಿಯಿಂದ ಮಾಡಿದ ಪುಡಿಯಾಗಿದ್ದರೆ ಚಿಂತೆಯಿರಲಿಲ್ಲ. ಈ ಪೀಪಾಯಿಗೆ ಸೇರಿದ್ದು ಗೋಧಿಯಿಂದ ಮಾಡಿದ ಸಾವಯವ ಪುಡಿ. ನೈಟ್ರೇಟ್ ಆಮ್ಲಜನಕ ಒದಗಿಸುವ ವಸ್ತು, ಗೋಧಿ ಉರಿಯುವ ವಸ್ತು. ಎರಡೂ ಸೇರಿ ನಿಧಾನವಾಗಿ ಕಾದವು, ಅನಿಲ ಹುಟ್ಟಿತು, ಮುಚ್ಚಳ ಬಿಟ್ಟುಕೊಂಡಿತು. ಆ ಹೊತ್ತಿನಲ್ಲಿ ಸುರಂಗದಲ್ಲಿ ಯಾರೂ ಇರಲಿಲ್ಲ. ಗಾಳಿಯ ವಿಕಿರಣ ಅಳೆಯುವ ಉಪಕರಣ ಎಚ್ಚರಿಸಿದ ಕೂಡಲೇ ಹೊರಹೋಗುವ ಗಾಳಿ ಸೋಸುಗಗಳ ಕಡೆ ತಿರುಗಿತು, ಆದರೂ ಅಲ್ಪ ಪ್ರಮಾಣದ ಪ್ಲುಟೋನಿಯಂ ಮತ್ತು ಅಮೆರಿಸಿಯಂ ಹೊರಗೆ ಬಂದು ಮೇಲಿದ್ದ ಕೆಲವರಿಗೆ ಸ್ವಲ್ಪ ತಗುಲಿತು. ನೆಲೆ ಮತ್ತೆ ತ್ಯಾಜ್ಯ ಸ್ವೀಕರಿಸಲು 2017ರವರೆಗೆ ಕಾಯಬೇಕಾಯಿತು. ಇಪ್ಪತ್ತೈದು ಕೋಟಿ ವರ್ಷ ಅಲುಗದ ಉಪ್ಪು ಆ ರಾತ್ರಿಯೂ ಅಲುಗಲಿಲ್ಲ. ತಪ್ಪಿದ್ದು ಪೀಪಾಯಿ ತುಂಬುವ ಮೇಜಿನ ಮೇಲೆ.

ಆರಿಸುವುದಾದರೆ

ಆಯ್ಕೆ ಪೂರ್ತಿ ನಮ್ಮ ಕೈಯಲ್ಲಿಲ್ಲ ಎಂಬುದನ್ನು ಒಪ್ಪಬೇಕು. ಫಿನ್ಲೆಂಡಿನಲ್ಲಿ ದಪ್ಪ ಉಪ್ಪಿನ ಪದರವಿಲ್ಲ, ಆದ್ದರಿಂದ ಅವರು ತಾಮ್ರಕ್ಕೆ ಹಣ ಸುರಿದರು. ಮೂರೂ ನೆಲ ಸಿಗುವ ಕಡೆ ನಾನು ಬಳಸಿದ ಇಂಧನಕ್ಕೆ ಜೇಡಿಯನ್ನು ಮುಂದಿಡುತ್ತೇನೆ, ಏಕೆಂದರೆ ಡಬ್ಬಿ ಕೆಟ್ಟರೂ ಅಲ್ಲಿ ನೆಲವೇ ತಡೆಯುತ್ತದೆ. ಗ್ರಾನೈಟಿನಲ್ಲಿ ಡಬ್ಬಿ ಕೆಟ್ಟರೆ ಬೆಂಟೊನೈಟಿನ ಹೊರಗೆ ನೀರಿನ ದಾರಿಗಳು ಕಾದಿರುತ್ತವೆ. ತಣ್ಣಗಿನ ಪ್ಲುಟೋನಿಯಂ ತ್ಯಾಜ್ಯಕ್ಕೆ, ಹೊಸದಾಗಿ ಕೊರೆದ ಉಪ್ಪು ಒಳ್ಳೆಯದು. ಬೆಂಟೊನೈಟ್ ಬೇಡ, ತಾಮ್ರ ಬೇಡ.

ಆದರೆ ಮುಂದೆಂದಾದರೂ ಹೊರತೆಗೆಯಬೇಕಾಗಬಹುದು ಎಂಬ ಅನುಮಾನವಿದ್ದರೆ ಉಪ್ಪು ಕೊನೆಯ ಆಯ್ಕೆ. ಮುಚ್ಚಿಕೊಳ್ಳುವ ಗುಣವೇ ಆಗ ಶತ್ರು. ಫ್ರಾನ್ಸಿನ ಕಾನೂನು ಕನಿಷ್ಠ 100 ವರ್ಷ ನಿರ್ಧಾರವನ್ನು ಹಿಂದೆಗೆಯುವ ಅವಕಾಶ ಇರಬೇಕೆನ್ನುತ್ತದೆ. ಆಸರೆ ಕಟ್ಟಿದ ಜೇಡಿಯ ಸುರಂಗದಲ್ಲಿ ಅದು ಸಾಧ್ಯ. ಆಸ್ಸೆಯಲ್ಲಿ ಹೊರತೆಗೆಯುವ ಕೆಲಸ 2033ರಲ್ಲಿ ಶುರುವಾಗಬೇಕೆಂಬ ಯೋಜನೆಯಿದೆ. ಅದಕ್ಕೆ ಹೊಸ ಗಣಿಬಾವಿಯನ್ನೇ ತೋಡಬೇಕು, ಜಜ್ಜಿಹೋದ ಪೀಪಾಯಿಗಳನ್ನು ದೂರದಿಂದ ನಡೆಸುವ ಯಂತ್ರಗಳಿಂದ ಎತ್ತಬೇಕು. ಅದಕ್ಕೂ ಮೊದಲು ಯಾವ ಪೀಪಾಯಿಯಲ್ಲಿ ಏನಿದೆ ಎಂದು ತಿಳಿಯಬೇಕು. ಹಳೆಯ ದಾಖಲೆಗಳಲ್ಲಿದ್ದ ಪ್ಲುಟೋನಿಯಂ ಪ್ರಮಾಣವನ್ನು ಈಗಾಗಲೇ ಒಮ್ಮೆ ಮೇಲಕ್ಕೆ ತಿದ್ದಿದ್ದಾರೆ.